ಹಾಡಿಗೆ ಅಡ್ಡ ನಿಂತವರು

ಹಾಡು ತೊದಲಿದರೆ ನಾವು ಮೊದಲು ಮಾಡುವ ಕೆಲಸ ಸ್ಪೀಡ್ ಟೆಸ್ಟ್. ಮುಳ್ಳು ಸರ್ರನೆ ಏರಿ 100 ಎಂಬಿಪಿಎಸ್ ಮುಟ್ಟುತ್ತದೆ, ನಮ್ಮ ಸಿಟ್ಟಿಗೊಂದು ಪುರಾವೆ ಸಿಗುತ್ತದೆ. 'ಇಷ್ಟು ಸ್ಪೀಡಿದ್ದೂ ಹಾಡು ನಿಲ್ಲುತ್ತಲ್ಲ, ಏನ್ರೀ ಇದು?' ಎಂದು ಕಸ್ಟಮರ್ ಕೇರಿನವರನ್ನು ದಬಾಯಿಸಲು ಗಂಟಲು ಸರಿಮಾಡಿಕೊಳ್ಳುತ್ತೇವೆ. ಆದರೆ ಆ 100 ನಮ್ಮ ವಾದಕ್ಕೇ ಮುಳುವು. ಹಾಡಿನ ಆ್ಯಪ್‌ಗಳ ಒಳ್ಳೆಯ ಗುಣಮಟ್ಟ ಎಂದರೆ ಸಾಮಾನ್ಯವಾಗಿ ಸೆಕೆಂಡಿಗೆ 320 ಕಿಲೋಬಿಟ್. 4 ನಿಮಿಷದ ಹಾಡು ಇಡಿಯಾಗಿ 10 ಎಂಬಿಯೊಳಗೆ ಮುಗಿಯುತ್ತದೆ. ನಮ್ಮ ಕನೆಕ್ಷನ್ ಅದರ 300 ಪಟ್ಟು ಅಗಲವಿದೆ. ಹಾಗಾದರೆ ಕೊರತೆ ಸ್ಪೀಡಿನದಲ್ಲ. ಆ್ಯಪ್ ಮುಂದೆ ಬರಬೇಕಾದ ಹಾಡನ್ನು ತಾರಸಿಯ ಟ್ಯಾಂಕಿನ ಹಾಗೆ ಮೊದಲೇ ತುಂಬಿಟ್ಟುಕೊಂಡು, ಅಲ್ಲಿಂದ ನಮಗೆ ಬಿಡುತ್ತದೆ. ಟ್ಯಾಂಕು ಬರಿದಾದರೆ ಅದನ್ನು ಮುಚ್ಚಿಡುವುದೂ ಇಲ್ಲ: ಚಕ್ರ ತಿರುಗುತ್ತದೆ, ಹಾಡಿನ ಗೆರೆ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಸ್ಪೀಡಿನ ಮುಳ್ಳನ್ನಲ್ಲ, ಆ ಗೆರೆಯನ್ನು. ಗೆರೆ ನಿಂತರೆ ನೆಟ್ಟಿನ ಮೇಲೆ ಅನುಮಾನ. ಗೆರೆ ತನ್ನ ಪಾಡಿಗೆ ಓಡುತ್ತಿದ್ದು ಹಾಡು ಮಾತ್ರ ತುಂಡು ತುಂಡಾದರೆ, ಸೋರಿಕೆ ಫೋನಿಗೂ ಕಿವಿಗೂ ನಡುವೆ.

ಆ ನಡುವಿನ ಜಾಗದಲ್ಲಿ ಏನಿದೆ? ಹೇಳಲು ಸಂಕೋಚ, ನಾವೇ ಇದ್ದೇವೆ. ಬ್ಲೂಟೂತ್ ಹಾಡನ್ನು ಸಾಗಿಸುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ನೀರು ತುಂಬಿದ ವಸ್ತು ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಮನುಷ್ಯನೆಂದರೆ ಅರ್ಧಕ್ಕಿಂತ ಹೆಚ್ಚು ನೀರು. ಪ್ಯಾಂಟಿನ ಹಿಂದಿನ ಬಲಜೇಬಿನಲ್ಲಿ ಫೋನು, ಎಡಗಿವಿಯಲ್ಲಿ ಇಯರ್‌ಬಡ್ಡು. ಪಾಪ, ಆ ಹಾಡು ಸಾಗರದಾಚೆಯ ಯಾವುದೋ ಸರ್ವರಿನಿಂದ ಹೊರಟಿದ್ದರೂ ಇರಬಹುದು. ಕಡಲಡಿಯ ಕೇಬಲ್ಲು ದಾಟಿ, ಬೀದಿ ಕಂಬದ ಮೇಲಿನ ತಂತಿಯ ಗೋಜಲು ದಾಟಿ, ಗೋಡೆ ತೂರಿ, ಸುರಕ್ಷಿತವಾಗಿ ಜೇಬಿಗೆ ಬಂದಿಳಿದಿದೆ. ಇನ್ನು ಉಳಿದದ್ದು ಮೂರಡಿ. ಆ ಮೂರಡಿಯಲ್ಲಿ ಸೊಂಟವಿದೆ, ಹಬ್ಬದ ಹೋಳಿಗೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿಟ್ಟ ಹೊಟ್ಟೆಯಿದೆ, ಅಗಲವಾದ ಬೆನ್ನಿದೆ. ಹಾಡು ಪಲ್ಲವಿಯಲ್ಲೇ ಸೊರಗುತ್ತದೆ. ಮನೆಯೊಳಗಾದರೆ ಗೋಡೆಗೆ ಬಡಿದು ತಿರುಗಿ ಬಂದ ಅಲೆ ಕಿವಿ ತಲುಪೀತು. ಬಯಲಿನಲ್ಲಿ, ವಾಕಿಂಗ್ ಹೋದಾಗ, ಆ ಆಸರೆಯೂ ಇಲ್ಲ. ತೆಳ್ಳಗಾಗಲೆಂದು ನಡೆಯುವವರಿಗೇ ದಪ್ಪದ ದಂಡ ಬೀಳುವುದು ಹೀಗೆ. ಫೋನನ್ನು ಅಂಗಿಯ ಜೇಬಿಗೆ ಏರಿಸಿ ನೋಡಿ. ತುಂಡಾಗುವುದು ನಿಂತರೆ, ಹಾಡಿಗೆ ಅಡ್ಡ ನಿಂತವರ ವಿಳಾಸ ನಿಮ್ಮ ಆಧಾರ್ ಕಾರ್ಡಿನಲ್ಲೇ ಇದೆ.

'ಹಾಗಾದರೆ ಅದೇ ಇಯರ್‌ಬಡ್ಡಿನಲ್ಲಿ ವಿಡಿಯೊ ಹೇಗೆ ಚೆನ್ನಾಗಿ ಬರುತ್ತದೆ?' ಎಂದು ಕೇಳುವವರಿದ್ದಾರೆ. ವಿಡಿಯೊ ನೋಡುವಾಗ ಫೋನು ಮುಖದೆದುರಿಗೇ ಇರುತ್ತದೆ, ನಡುವೆ ಹೊಟ್ಟೆಯಿಲ್ಲ. 'ಫೋನು ಮೇಜಿನ ಮೇಲೆ ಕಣ್ಣೆದುರೇ ಇದ್ದರೂ ತುಂಡಾಗುತ್ತದಲ್ಲ?' ಎಂಬುದು ಗಟ್ಟಿ ಆಕ್ಷೇಪಣೆ. ಮನೆಯ ವೈಫೈ ಕೂಡ 2.4ರಲ್ಲೇ ಓಡುತ್ತಿದ್ದರೆ ಎರಡೂ ಒಂದೇ ಓಣಿಯಲ್ಲಿ ನುಗ್ಗುತ್ತವೆ. ಮೈಕ್ರೊವೇವ್ ಒಲೆಯೂ ಅದೇ ಓಣಿಯದು. ಇಲ್ಲಿ ಬಹಳ ಜನ ಎಡವುವುದೆಂದರೆ, ಡೌನ್‌ಲೋಡ್ ಮಾಡಿದ ಹಾಡನ್ನು ಏರೋಪ್ಲೇನ್ ಮೋಡಿನಲ್ಲಿ ಬ್ಲೂಟೂತ್ ಮಾತ್ರ ಹಚ್ಚಿ ಕೇಳಿ, ಅದು ಸರಾಗವಾಗಿ ಬಂದೊಡನೆ 'ನೆಟ್ಟೇ ಕೆಟ್ಟದ್ದು' ಎಂದು ತೀರ್ಪು ಕೊಡುವುದು. ಆ ಪರೀಕ್ಷೆಯಲ್ಲಿ ನೆಟ್ಟಿನ ಜೊತೆಗೆ ವೈಫೈಯ ತಳ್ಳಾಟವೂ ನಿಂತಿರುತ್ತದೆ. ಬೇರ್ಪಡಿಸಲು ಇಯರ್‌ಬಡ್ಡು ಬಿಟ್ಟು, ಆನ್‌ಲೈನ್ ಹಾಡನ್ನೇ ಫೋನಿನ ಸ್ಪೀಕರಿನಲ್ಲಿ ಕೇಳಬೇಕು. ಅಲ್ಲಿ ಸರಾಗವಾಗಿದ್ದರೆ ನೆಟ್ಟು ನಿರಪರಾಧಿ. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದರೆ ಜಗಳ ಬಹುಮಟ್ಟಿಗೆ ತೀರುತ್ತದೆ.

ಸ್ಪೀಕರಿನಲ್ಲೂ ನಿಂತು, ಗೆರೆಯೂ ನಿಂತಿತೋ, ಆಗ ಮಾತ್ರ ನೆಟ್ಟಿನತ್ತ ತಿರುಗಬೇಕು. ಮೊಬೈಲ್ ಡೇಟಾಕ್ಕೆ ಬದಲಿಸಿದಾಗ ಸರಿಹೋದರೆ ದೋಷ ಮನೆಯ ಕನೆಕ್ಷನ್ನಿನ ಕಡೆ. ಎರಡರಲ್ಲೂ ನಿಂತರೆ ಆ್ಯಪ್ ಅಥವಾ ಅದರ ಸರ್ವರ್. ಮನೆಯ ಕಡೆಯದಾದರೆ, ಯಾರದೋ ಫೋನು ಮದುವೆಯ ಫೋಟೊಗಳನ್ನೆಲ್ಲ ಬ್ಯಾಕಪ್ಪಿಗೆ ಏರಿಸುತ್ತಿದೆಯೇ ನೋಡಿ. ಅಪ್‌ಲೋಡಿನ ದಾರಿ ಕಟ್ಟಿಕೊಂಡರೆ 'ಹಾಡಿನ ಮುಂದಿನ ಭಾಗ ಕಳಿಸಿ' ಎಂಬ ನಮ್ಮ ಪುಟ್ಟ ಕೋರಿಕೆಯೂ ರೌಟರಿನ ಸಾಲಿನಲ್ಲಿ ಕಾಯುತ್ತದೆ. ಯಾರೂ ಏನೂ ಮಾಡದ ಹೊತ್ತಿನಲ್ಲಿ ನಡೆಸಿದ ಸ್ಪೀಡ್ ಟೆಸ್ಟಿಗೆ ಈ ಸಾಲು ಕಾಣುವುದೇ ಇಲ್ಲ.

'ಇಷ್ಟೆಲ್ಲ ಯಾಕ್ರೀ, ಎಲ್ಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ' ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರು. ಸರಿಹೋಗುತ್ತದೆ, ನಿಜ, ಅದೇ ನನಗೆ ಕಿರಿಕಿರಿ. ರೌಟರು, ಫೋನು, ಇಯರ್‌ಬಡ್ಡು ಮೂರನ್ನೂ ಒಟ್ಟಿಗೆ ಆರಿಸಿದವರಿಗೆ ಕೆಟ್ಟದ್ದು ಯಾವುದೆಂದು ಗೊತ್ತಾಗುವ ದಾರಿಯೇ ಉಳಿಯುವುದಿಲ್ಲ. ನಾಳೆ ಮತ್ತೆ ಮೂರನ್ನೂ ಆರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಅದೇ ಹಾಡನ್ನು ಕೇಳುವಷ್ಟು ತಾಳ್ಮೆಯಿದ್ದರೆ, ಕಸ್ಟಮರ್ ಕೇರಿನ ಆ ಬಡಪಾಯಿಗೆ ಬೀಳುವ ಬೈಗುಳವಾದರೂ ನ್ಯಾಯವಾದದ್ದಾಗಿರುತ್ತದೆ.