ಬೇಸರಕ್ಕೊಂದು ಹಸಿರು ಬಣ್ಣ

ಭಾನುವಾರ ಮಧ್ಯಾಹ್ನ ಗೋಡೆ ನೋಡುತ್ತ ಕೂತಿದ್ದೆ. ಮನೆಯಾಕೆ ಕೇಳಿದಳು, "ಏನ್ರೀ ಆಯ್ತು?" ನಾನು ಗಂಭೀರವಾಗಿ, "ತಸ್ಕಾ" ಅಂದೆ. "ಅಯ್ಯೋ, ಯಾವಾಗಿಂದ? ಕಷಾಯ ಮಾಡ್ಲಾ?"

ಬರೆಯುವಾಗ ‘ತೊಸ್ಕಾ’, ರಷ್ಯನ್ನರ ಬಾಯಲ್ಲಿ ‘ತಸ್ಕಾ’. ಪುಚೀನಿಯ ‘ಟೋಸ್ಕಾ’ ಎಂಬ ಒಪೆರಾಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಅದು ಪಾಪ, ಒಬ್ಬ ಗಾಯಕಿಯ ಹೆಸರು. ಇದು ಕಾಯಿಲೆಯೂ ಅಲ್ಲ. ಆದರೆ ಕಷಾಯ ಬೇಡ ಎಂದು ನಾನೇನೂ ಹೇಳಲಿಲ್ಲ.

ಪುಷ್ಕಿನ್‌ನ ‘ಯೆವ್ಗೇನಿ ಅನೇಗಿನ್’ ಕಾವ್ಯವನ್ನು ಇಂಗ್ಲಿಷಿಗೆ ತಂದ ನಬೊಕೊವ್, 1964ರಲ್ಲಿ ಅದರ ಜೊತೆಗೇ ಅಚ್ಚಾದ ತನ್ನ ದಪ್ಪ ಟಿಪ್ಪಣಿಯಲ್ಲಿ ಈ ಪದದ ಮುಂದೆ ಕೈಚೆಲ್ಲಿದ. ಇದನ್ನು ಪೂರ್ತಿ ಹೊರಬಲ್ಲ ಒಂದೇ ಒಂದು ಇಂಗ್ಲಿಷ್ ಪದವೂ ಇಲ್ಲ ಎಂಬುದು ಅವನ ದೂರು. ಆಳಕ್ಕಿಳಿದರೆ ಕಾರಣವೇ ಇಲ್ಲದ ಆತ್ಮಸಂಕಟ, ತುಸು ಮೇಲೆ ಬಂದರೆ ಯಾರದೋ ಹಂಬಲ, ಇಲ್ಲವೇ ಊರಿನ ನೆನಪು, ದಡಕ್ಕೆ ಬಂದರೆ ಬರೀ ಬೇಜಾರು. ಈ ಕೊನೆಯದಕ್ಕೆ ರಷ್ಯನ್ನರು ಬಣ್ಣವನ್ನೂ ಬಳಿದಿದ್ದಾರೆ: ‘ಜಿಲ್ಯೋನಯ ತಸ್ಕಾ’, ಅಂದರೆ ಹಸಿರು ತಸ್ಕಾ. ಮುಗಿಯದ ಭಾಷಣ ಕೇಳುತ್ತ ಕುರ್ಚಿಯಲ್ಲಿ ಜಾರುತ್ತೀರಲ್ಲ, ಅದು.

ಇಂಗ್ಲಿಷಿನ ‘ಲಾಂಗಿಂಗ್’ಗೆ ಒಂದು ಚಾಳಿ. "ಐ ಲಾಂಗ್" ಎಂದು ನಿಲ್ಲಿಸಿ ನೋಡಿ, ಎದುರಿಗಿದ್ದವರು "ಯಾವುದಕ್ಕೆ?" ಎಂದು ಬಾಯಿ ತೆರೆದುಕೊಂಡು ಕಾಯುತ್ತಾರೆ. ರಷ್ಯನ್‌ಗೆ ಆ ಹಂಗಿಲ್ಲ. ‘ತಸ್ಕಾ ಪೊ ರೋದಿನೆ’ ಎಂದರೆ ತಾಯ್ನಾಡಿನ ಹಂಬಲ. ಬೇಡವೆಂದರೆ ‘ಪೊ’ದಿಂದ ಮುಂದಿನದನ್ನು ಕತ್ತರಿಸಿ, ‘ಮ್ನೇ ತಸ್ಕ್ಲೀವ’ ಎಂದಷ್ಟೇ ಹೇಳಿ, ವಾಕ್ಯ ಪೂರ್ಣ. ಪದಕ್ಕೆ ಪದ ಇಟ್ಟರೆ ‘ನನಗೆ ಬೇಸರ’. ಗಮನಿಸಿದಿರಾ, ‘ನಾನು’ ಅಲ್ಲ, ‘ನನಗೆ’! ಇಂಗ್ಲಿಷಿನವನು ದುಃಖವನ್ನೂ ತಾನೇ ಯಜಮಾನನಾಗಿ ನಿಂತು ಅನುಭವಿಸುತ್ತಾನೆ. ನಮಗೂ ರಷ್ಯನ್ನರಿಗೂ ಅದು ಕರೆಯದ ಅತಿಥಿಯಂತೆ ತಾನಾಗಿಯೇ ಬಂದು ಕೂರುತ್ತದೆ. ತಸ್ಕಾ ಹಿಡಿಯುತ್ತದೆ, ಕಡಿಯುತ್ತದೆ, ತಿಂದೇ ಹಾಕುತ್ತದೆ ಎಂದು ಅವರ ಮಾತು.

ತಿಂದ ಮೇಲೆ ಏನು ಉಳಿದೀತು? ಪದದ ಬೇರು ಹಿಡಿದು ಹೋದ ನಿರುಕ್ತಕಾರರು, ಇದು ‘ಬಡಕಲು, ಬರಿದು’ ಎಂಬರ್ಥದ ‘ತೋಶ್ಚಿ’ ಪದದ ದಾಯಾದಿ ಎನ್ನುತ್ತಾರೆ. ಅದೇ ವಂಶದ ಸಂಸ್ಕೃತ ಶಾಖೆ ಯಾವುದು ಗೊತ್ತೇ? ನಾವು ಬೈಯಲು ಬಳಸುವ ‘ತುಚ್ಛ’! ಮೊದಲು ಅದರ ಅರ್ಥ ‘ಬರಿದು’ ಎಂದೇ. ಋಗ್ವೇದದ ನಾಸದೀಯ ಸೂಕ್ತದಲ್ಲಿ ಅದು ಸೃಷ್ಟಿಗೆ ಮುಂಚಿನ ಶೂನ್ಯ. ಕನ್ನಡದಲ್ಲಿ ಕೊರಗಿದವನು ಸೊರಗುತ್ತಾನಲ್ಲ, ಅದೇ ನಡೆ. ಆದರೆ ನಮ್ಮ ಕೊರಗಿಗೂ ಸಾಮಾನ್ಯವಾಗಿ ಒಂದು ಕಾರಣ ಬೇಕು. ಕಾರಣ ಕೇಳದೆ ಬರುವುದು ನಮ್ಮ ಬೇಸರ. ಅದಕ್ಕೆ ಪಾಪ ಅಷ್ಟು ಆಳವಿಲ್ಲ.

1886ರಲ್ಲಿ ಚೆಕಾಫ್ ಬರೆದ ಒಂದು ಕಥೆಯ ಹೆಸರೇ ‘ತಸ್ಕಾ’. ಕಾನ್‌ಸ್ಟನ್ಸ್ ಗಾರ್ನೆಟ್ ಅದನ್ನು ‘ಮಿಸರಿ’ ಎಂದಳು. ಬೇರೆಯವರು ‘ಹಾರ್ಟೇಕ್’ ಎಂದರು, ‘ಗ್ರೀಫ್’ ಎಂದರು. ಪೀಟರ್ಸ್‌ಬರ್ಗಿನ ಹಿಮದಲ್ಲಿ ಬಾಡಿಗೆ ಜಾರುಗಾಡಿ ಹೊಡೆಯುವ ಮುದುಕ ಇಯೋನ. ಮಗ ಆ ವಾರವಷ್ಟೇ ಸತ್ತಿದ್ದಾನೆ. ಜ್ವರವೋ ಏನೋ, ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋದ. ಇದನ್ನು ಯಾರಿಗಾದರೂ ಹೇಳಬೇಕು. ಗಾಡಿ ಹತ್ತಿದ ಮಿಲಿಟರಿ ಅಧಿಕಾರಿ ಒಂದು ಪ್ರಶ್ನೆ ಕೇಳಿ ಕಣ್ಣು ಮುಚ್ಚಿದ. ಮೂವರು ಹುಡುಗರಿಗೆ ಬೇಗ ಮುಟ್ಟಿದರೆ ಸಾಕು. ರಾತ್ರಿ ನೀರು ಕುಡಿಯಲೆದ್ದ ಇನ್ನೊಬ್ಬ ಗಾಡಿಯವನು, ಇವನು ಎರಡು ಮಾತು ಆಡುವಷ್ಟರಲ್ಲಿ ಮುಸುಕೆಳೆದು ಮಲಗಿದ.

ಇಲ್ಲೇ ಇಂಗ್ಲಿಷ್ ಎಡವುವುದು. ‘ಗ್ರೀಫ್’ ಎಂದರೆ ಮಗನ ಸಾವಿನ ದುಃಖ ಸಿಕ್ಕಿತು, ಸರಿ. ಆದರೆ ಮುದುಕನನ್ನು ರಾತ್ರಿಯಿಡೀ ಸುತ್ತಿಸುವುದು ಬರೀ ಆ ಸಾವಲ್ಲ. ಮಗ ಹೇಗೆ ಮಲಗಿದ, ಸಾಯುವ ಮುಂಚೆ ಏನಂದ, ಆಸ್ಪತ್ರೆಗೆ ಹೋಗಿ ಅವನ ಬಟ್ಟೆ ತಂದದ್ದು, ಇವೆಲ್ಲ ಒಳಗೇ ಉಳಿದಿವೆ. ಇಡೀ ಊರಲ್ಲಿ ಒಂದು ಕಿವಿ ಇಲ್ಲ. ಮಗನ ಹಂಬಲ, ಕೇಳುವವರ ಹಂಬಲ, ಇದೆಲ್ಲ ಯಾಕಾಯಿತೆಂದು ತಿಳಿಯದ ಪೊಳ್ಳು, ಮೂರೂ ಒಂದೇ ಪದದಲ್ಲಿ. ‘ಹಾರ್ಟೇಕ್’ ಎಂದರಂತೂ ಯಾವುದೋ ಹುಡುಗಿ ಕೈಕೊಟ್ಟ ಹಾಗಿದೆ.

ಇಷ್ಟು ಹೇಳುವಷ್ಟರಲ್ಲಿ ಕಷಾಯ ತಣ್ಣಗಾಗಿತ್ತು. "ಆಮೇಲೆ ಯಾರು ಕೇಳಿದ್ರು ಮುದುಕನ ಮಾತು?" ಅಂದಳು ಇವಳು.

"ಅವನ ಕುದುರೆ. ಲಾಯಕ್ಕೆ ಹೋಗಿ ಎಲ್ಲ ಹೇಳಿಕೊಂಡ. ಅದು ಹುಲ್ಲು ಮೆಲ್ಲುತ್ತ, ಅವನ ಕೈ ಮೇಲೆ ಉಸಿರು ಬಿಡುತ್ತ ಕೇಳಿಸಿಕೊಂಡಿತು."

"ಹೂಂ, ಹೇಳಿ, ಹೇಳಿ" ಅಂದಳು, ಡಬ್ಬಿಯಿಂದ ಇನ್ನೊಂದು ಚಕ್ಕುಲಿ ತೆಗೆದು ಕಟುಂ ಎಂದು ಕಡಿಯುತ್ತ. ನನಗೇನೋ ಹೋಲಿಕೆ ಹೊಳೆಯಿತು. ರಾತ್ರಿಯ ಊಟ ಇನ್ನೂ ಆಗಿರಲಿಲ್ಲವಾದ್ದರಿಂದ ಸುಮ್ಮನಾದೆ.