ಒಂದೇ ಬಾನೆಟ್ಟು, ಎರಡು ಬಿಲ್ಲು

ಬಾಗಲಗುಂಟೆಯಲ್ಲಿ ಹೊಸ ಕಾರು ಬಂದರೆ ಮೊದಲು ನಿಂಬೆಹಣ್ಣು ತುಳಿಯುತ್ತದೆ, ಆಮೇಲೆ ಪಕ್ಕದ ಮನೆಯವರ ಹೊಟ್ಟೆ ಉರಿಸುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರ ಮನೆ ಮುಂದೆ ಬಲೆನೊ, ಎದುರು ಮನೆಯಲ್ಲಿ ಗ್ಲಾನ್ಜಾ. ಗ್ಲಾನ್ಜಾ ಯಜಮಾನರು ಗತ್ತಿನಿಂದ ಹೇಳುತ್ತಾರೆ: "ನಮ್ದು ಟೊಯೋಟಾ ಕಣ್ರೀ, ಬಿಡದೀದು. ಮಾರುತಿ ಅಲ್ಲ."

ಸ್ವಾಮಿ, ಬಾನೆಟ್ ಎತ್ತಿ ನೋಡಿ. ಒಳಗಿರುವುದು ಸುಜುಕಿಯ ಕೆ ಸೀರೀಸ್ ಇಂಜಿನ್. ಬಲೆನೊ, ಗ್ಲಾನ್ಜಾ ಎರಡೂ ಹುಟ್ಟುವುದು ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ. ತಮಾಷೆ ಏನೆಂದರೆ, ನಿಜವಾದ ಬಿಡದಿ ಗಾಡಿ ಬೇಕಿದ್ದರೆ ಇವರಿಗೆ ಮಾರುತಿಯ ನೆಕ್ಸಾ ಶೋರೂಮಿಗೆ ಹೋಗಿದ್ದರೂ ಸಿಗುತ್ತಿತ್ತು! 2022ರಲ್ಲಿ ಬಂದ ಗ್ರಾಂಡ್ ವಿಟಾರಾ ತಯಾರಾದದ್ದು ಅದರ ಅವಳಿ ಟೊಯೋಟಾ ಹೈರೈಡರ್ ಜೊತೆ, ನಮ್ಮ ಬಿಡದಿಯಲ್ಲಿ. ಇದನ್ನು ಎದುರು ಮನೆಯವರಿಗೆ ಹೇಳಿದ ದಿನದಿಂದ ನನಗೆ ಅಲ್ಲಿ ಕಾಫಿ ಬಂದ್.

ಗಾಡಿ ಒಂದೇ ಅಂದಮೇಲೆ ಯಾವುದಾದರೇನು ಅಂತೀರಾ? ಅಲ್ಲೇ ಇರೋದು ಮರ್ಮ. ಇಂಜಿನ್ ಒಂದೇ ಇರಬಹುದು, ವಾರಂಟಿ ಬ್ಯಾಡ್ಜ್ ಹಿಂದೆ ಹೋಗುತ್ತದೆ. ವಾರಂಟಿಯ ಕೆಲಸಕ್ಕೆ ಗ್ಲಾನ್ಜಾ ತಗೊಂಡು ಮಾರುತಿ ವರ್ಕ್‌ಶಾಪಿಗೆ ಹೋದರೆ ಗೇಟಿನಲ್ಲೇ ನಮಸ್ಕಾರ ಹೇಳುತ್ತಾರೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ದೋಷ ಅಂತ ಮಾರುತಿ ಬಲೆನೊ, ಗ್ರಾಂಡ್ ವಿಟಾರಾ ಸೇರಿ 17,362 ಕಾರು ವಾಪಸ್ ಕರೆಸಿತು. ಅದೇ ದೋಷಕ್ಕೆ ಟೊಯೋಟಾ ತನ್ನ ಗ್ಲಾನ್ಜಾ, ಹೈರೈಡರ್ ಸೇರಿ 1,390 ಕಾರು ಬೇರೆಯಾಗಿ ಕರೆಸಿತು. ಜಾತಕ ಒಂದೇ, ಶಾಂತಿ ಹೋಮ ಬೇರೆ ಬೇರೆ ಮಠದಲ್ಲಿ.

ಮೊದಲೆಲ್ಲ ಲೆಕ್ಕ ಸುಲಭವಿತ್ತು. 2019ರಲ್ಲಿ ಗ್ಲಾನ್ಜಾ ಬಂದಾಗ ಅದಕ್ಕೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ, ಬಲೆನೊಗೆ ಬರೀ 2 ವರ್ಷ ಅಥವಾ 40,000. ಬುದ್ಧಿವಂತರು ಕಣ್ಣು ಮುಚ್ಚಿಕೊಂಡು ಟೊಯೋಟಾ ಅಂದರು. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷಕ್ಕೆ ಬಂತು. ಸೇಲ್ಸ್ ಹುಡುಗ ಈಗಲೂ ಆ ಹಳೇ ರಾಗ ಹಾಡಿದರೆ ತಲೆಯಾಡಿಸಿ, ನಂಬಬೇಡಿ.

ಇನ್ನು ಬಂಪರ್ ವಿಷಯ. ಅವಳಿ ಗಾಡಿಗಳಲ್ಲಿ ಒಳಗಿನದೆಲ್ಲ ಒಂದೇ. ಕಂಪನಿಯವರು ಬೇರೆ ಮಾಡುವುದು ಮುಖವನ್ನು, ಅಂದರೆ ಮುಂದಿನ ಬಂಪರ್, ಗ್ರಿಲ್, ದೀಪದ ಅಲಂಕಾರ. ಹೆಸರಘಟ್ಟ ರಸ್ತೆಯಲ್ಲಿ ಪೀಣ್ಯದ ಲಾರಿ ರಿವರ್ಸ್ ಬಂದರೆ ಮೊದಲು ಹೋಗುವುದೂ ಅದೇ ಮುಖ! ಅಂದರೆ ಕೆಡದ ಭಾಗ ಇಬ್ಬರಿಗೂ ಒಂದೇ, ಒಡೆಯುವ ಭಾಗ ಮಾತ್ರ ಬೇರೆ. ರಸ್ತೆ ತುಂಬ ಓಡುವ ಗಾಡಿಯ ಬಂಪರ್ ಜೆ.ಸಿ. ರೋಡಿನಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಕಡಿಮೆ ಓಡುವ ಅವಳಿಯದಕ್ಕೆ ಕಂಪನಿಯ ಆರ್ಡರ್ರೇ ಗತಿ, ಕಾಯಬೇಕು.

ಎದುರು ಮನೆಯವರ ಭಾಮೈದ ಈಗ ಕಾರು ನೋಡುತ್ತಿದ್ದಾನೆ. "ಯಾವುದು ತಗೊಳ್ಳಲಿ ಅಂಕಲ್?" ಅಂದ. ಶೋರೂಮಿಗೆ ಹೋಗಬೇಡಪ್ಪ, ವರ್ಕ್‌ಶಾಪಿಗೆ ಹೋಗು ಅಂದೆ. ಶೋರೂಮು ಎಲ್ಲಾ ಕಡೆ ಇರುತ್ತದೆ. ಸರ್ವಿಸ್ ಎಲ್ಲಿ, ಡೆಂಟಿಂಗ್ ಪೇಂಟಿಂಗ್ ಅಲ್ಲೇನಾ ಅಥವಾ ಊರಾಚೆ ಕಳಿಸುತ್ತಾರಾ ಅಂತ ಕೇಳು. ಬರುವ ಶನಿವಾರಕ್ಕೆ ಸರ್ವಿಸ್ ಸಿಗುತ್ತದಾ ಅಂತ ಎರಡೂ ಕಡೆ ಫೋನ್ ಮಾಡು. ಒಬ್ಬರು "ಬನ್ನಿ ಸಾರ್", ಇನ್ನೊಬ್ಬರು "ಎರಡು ವಾರ ಆಗುತ್ತೆ" ಅಂದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಎರಡೂ ಕಡೆ 40,000 ಕಿಲೋಮೀಟರ್ ಸರ್ವಿಸಿನ ಎಸ್ಟಿಮೇಟ್, ಮುಂದಿನ ಬಂಪರಿನ ಬೆಲೆ, ಎಷ್ಟು ದಿನದಲ್ಲಿ ಬರುತ್ತದೆ, ಇದೆಲ್ಲ ಬರೆಸಿಕೋ.

ಎಸ್ಟಿಮೇಟ್ ಓದುವುದಕ್ಕೂ ಒಂದು ಉಪಾಯ ಇದೆ. ಆಯಿಲ್, ಫಿಲ್ಟರ್, ಲೇಬರ್ ಇವನ್ನು ಒಂದು ಕಡೆ ಇಡಿ. ಎಸಿ ಸುಗಂಧ ಸ್ನಾನ, ಥ್ರಾಟಲ್ ಕ್ಲೀನಿಂಗ್, ಇಂಜಿನ್ ಡ್ರೆಸ್ಸಿಂಗ್ ಇನ್ನೊಂದು ಕಡೆ. ಗಾಡಿ ಜೊತೆ ಕೊಡುವ ಪುಸ್ತಕದ ಪಟ್ಟಿಯಲ್ಲಿ ಇಲ್ಲದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ಮಾತ್ರ ಹೋಲಿಸಿ. ಇಲ್ಲದಿದ್ದರೆ ದುಬಾರಿ ಅಂತ ಬೈದ ವರ್ಕ್‌ಶಾಪೇ ಅಗ್ಗದ್ದಾಗಿರುತ್ತದೆ.

ದೂರದ ಊರಿಗೆ ಓಡಾಡುವವರಿಗೆ ನನ್ನ ತೀರ್ಪು ಮಾರುತಿ ಕಡೆಗೇ. ದೇಶದಲ್ಲಿ 5,000ಕ್ಕೂ ಹೆಚ್ಚು ಕಡೆ ಅವರ ಸರ್ವಿಸ್ ಇದೆ, ನೆಕ್ಸಾದ ಗಾಡಿಯನ್ನು ಮಾಮೂಲಿ ಮಾರುತಿ ವರ್ಕ್‌ಶಾಪಿನಲ್ಲೂ ನೋಡುತ್ತಾರೆ. ಊರಿನ ತಾಲೂಕು ಕೇಂದ್ರದಲ್ಲಿ ಗಾಡಿ ನಿಂತರೆ ಬೋರ್ಡು ಯಾವುದು ಕಾಣುತ್ತದೆ ಅಂತ ನೆನಪಿಸಿಕೊಳ್ಳಿ. ಮನೆಯಿಂದ ಪೀಣ್ಯ, ಪೀಣ್ಯದಿಂದ ಮನೆ ಅಂತ ಓಡಿಸುವವರು ಮಾತ್ರ ಹತ್ತಿರದ ವರ್ಕ್‌ಶಾಪು ಯಾವ ಬ್ಯಾಡ್ಜಿನದೋ ಆ ಬ್ಯಾಡ್ಜನ್ನೇ ತಗೊಳ್ಳಿ, ಗತ್ತನ್ನು ಎದುರು ಮನೆಯವರಿಗೆ ಬಿಟ್ಟುಬಿಡಿ.