ಕಾರಿಗೂ ಒಂದು ತುಮಕೂರು ಪ್ರವಾಸ

ನಮ್ಮ ಬಿಳಿಗೆರೆಯಲ್ಲಿ ಡೀಸೆಲ್ ಕಾರಿನ ಬದುಕು ಬಲು ಸುಖದ್ದು. ಬೆಳಿಗ್ಗೆ ತೋಟಕ್ಕೆ, ಹತ್ತು ಗಂಟೆಗೆ ಡೇರಿಗೆ, ಸಂಜೆ ಮತ್ತೆ ತೋಟಕ್ಕೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರೇ ಮುಗಿದಿರುತ್ತದೆ. ಒಂದು ದಿನ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. “ಮಾವ, ಹೊಸ ಕಾರಲ್ವಾ, ಇದೇನು?” ಎಂದು ಅಳಿಯ ಕೇಳಿದರೆ, ಮಾವನಿಗೆ ದೃಷ್ಟಿಯ ನಿಂಬೆಹಣ್ಣಿನ ಮೇಲೇ ಅನುಮಾನ.

ನಿಂಬೆಹಣ್ಣು ನಿರಪರಾಧಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಇರುತ್ತದೆ. ಅದು ತುಂಬುತ್ತಾ ಬಂದಾಗ ಕಾರು ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿ ಕಾವಿನಲ್ಲಿ ಮಸಿಯನ್ನು ಸುಡುತ್ತದೆ. ಅಷ್ಟರಲ್ಲಿ ಡೇರಿ ಬಂತೆಂದು ನಾವು ಕೀ ತಿರುಗಿಸುತ್ತೇವೆ. ಮಸಿ ಹಾಗೇ ಉಳಿದು ಆ ಹಳದಿ ದೀಪ ಹತ್ತುತ್ತದೆ. ಅರ್ಧಕ್ಕೆ ನಿಂತ ಈ ಸುಡುವಿಕೆಯ ಡೀಸೆಲ್ ಆಯಿಲ್‌ಗೂ ಇಳಿಯುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಏರಿದ್ದು ಕಂಡು ಲಾಭವಾಯಿತೆಂದು ಹಿಗ್ಗುವವರೂ ಇದ್ದಾರೆ!

ಮದ್ದು ಮನೆಬಾಗಿಲಲ್ಲೇ ಇದೆ: ತುಮಕೂರು ಹೆದ್ದಾರಿ. ಎಂಜಿನ್ ಬಿಸಿಯಾದ ಮೇಲೆ ಅರವತ್ತು ದಾಟಿಸಿ, ಒಂದು ಗೇರ್ ಕೆಳಗಿಟ್ಟು, ಎರಡು ಸಾವಿರ ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿದರೆ ದೀಪ ಸಾಮಾನ್ಯವಾಗಿ ಆರುತ್ತದೆ. ಸರಿಯಾದ ವೇಗ ಕಾರಿನ ಕೈಪಿಡಿಯಲ್ಲಿರುತ್ತದೆ. ಅದನ್ನು ತೆರೆದವರು ಅಪರೂಪ. ದೀಪ ಮಿನುಗಿದರೆ, ಎಂಜಿನ್ ದೀಪವೂ ಜೊತೆಗೂಡಿದರೆ, ಓಟದ ಕಾಲ ಮುಗಿಯಿತು. ಸರ್ವೀಸ್ ಸೆಂಟರಿಗೆ ಹೋಗಿ.

ಇನ್ನೊಂದು ಮಾತು: ನಿಂತಾಗಲೂ ಫ್ಯಾನ್ ಬುಸುಗುಟ್ಟುತ್ತಿದ್ದರೆ ಮಸಿ ಇನ್ನೂ ಸುಡುತ್ತಿರಬಹುದು. ಆಗ ಕಾರನ್ನು ಒಣಗರಿ, ಮಟ್ಟೆಯ ರಾಶಿಯ ಮೇಲೆ ಮಾತ್ರ ನಿಲ್ಲಿಸಬೇಡಿ.